ಕಥೆಯ ಕರಡು ಹಾಕಿದ್ದೇನೆ: ಮಗನ ಜೊತೆ ಮೊದಲ ಸಲ ಮನೋವೈದ್ಯರ ಹತ್ತಿರ. ಎಲ್ಲಿ ತಪ್ಪಿದೆ ಹೇಳಿ

ಮಲ್ಲಿಗೆಹಂಬು:
ಎಲ್ಲರಿಗೂ ನಮಸ್ಕಾರ. ರೋಗಿಗಳಿಗೆ, ಮನೆಯವರಿಗೆ ಅಂತ ಬರುವ ಒಂದು ಸಣ್ಣ ಪತ್ರಿಕೆಗೆ ಕಥೆ ಕೇಳಿದ್ದಾರೆ. ಆಸ್ಪತ್ರೆಯಲ್ಲಿ ಕಾಯುವ ಜನ ಓದುವಂಥದ್ದು. 900 ಪದ ಮೀರಬಾರದು. ಮಗನನ್ನು ಮೊದಲ ಸಲ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗುವ ತಾಯಿಯ ಕಥೆ ಬರೆದಿದ್ದೇನೆ. ನಾನು ಆ ಬಾಗಿಲೊಳಗೆ ಯಾವತ್ತೂ ಹೋದವಳಲ್ಲ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಶುರು ಮತ್ತು ಕೊನೆ ಪೂರ್ತಿ ಹಾಕಿದ್ದೇನೆ, ನಡುವಿನದು ಚಿಕ್ಕದು ಮಾಡಿದ್ದೇನೆ.

> ರಾಗಿ ಹಿಟ್ಟಿನ ಡಬ್ಬಕ್ಕೆ ಕೈ ಹಾಕಿದ ಜಯಮ್ಮನಿಗೆ ಗಟ್ಟಿಯಾದದ್ದೇನೋ ತಾಗಿತು. ತೆಗೆದು ನೋಡಿದರೆ ಟವೆಲ್ಲಿನಲ್ಲಿ ಸುತ್ತಿದ ಮಂಜುವಿನ ಮೊಬೈಲು. ಹಿಟ್ಟು ಕೊಡವಿಕೊಂಡು ಹೊರಗೆ ಬಂದಳು.
>
> "ಅಲ್ಲೇ ಇರಲಿ ಬಿಡಮ್ಮ. ಅದರೊಳಗಿದ್ರೆ ಅವರಿಗೆ ಕೇಳ್ಸಲ್ಲ" ಅಂದ ಮಂಜು.
>
> ಯಾರಿಗೆ ಅಂತ ಕೇಳುವ ಧೈರ್ಯ ಅವಳಿಗೆ ಬರಲಿಲ್ಲ. ಒಲೆ ಮೇಲೆ ಎಸರು ಕುದಿಯುತ್ತಿತ್ತು. ಮೊಬೈಲನ್ನು ಮತ್ತೆ ಹಿಟ್ಟಿನೊಳಗೆ ಇಟ್ಟು, ಪಕ್ಕದಿಂದ ಎರಡು ಹಿಡಿ ತೆಗೆದುಕೊಂಡಳು.
>
> ನಾಲ್ಕು ತಿಂಗಳಾಗಿತ್ತು. ಮಂಜು ಕಾಲೇಜಿಗೆ ಹೋಗುತ್ತಿರಲಿಲ್ಲ. ರಾತ್ರಿಯೆಲ್ಲ ಎದ್ದಿರುತ್ತಿದ್ದ. ಅವಳು ಮಾಡಿದ ಅಡುಗೆ ಮುಟ್ಟುತ್ತಿರಲಿಲ್ಲ, ಅಂಗಡಿಯಿಂದ ಬಿಸ್ಕತ್ ಪೊಟ್ಟಣ ತಂದು ತಾನೇ ಒಡೆದು ತಿನ್ನುತ್ತಿದ್ದ. ತಾಯಿತ ಕಟ್ಟಿಸಿದ್ದಾಯಿತು, ದೇವರ ಅಪ್ಪಣೆ ಕೇಳಿದ್ದಾಯಿತು.
>
> "ತಲೆನೋವು ಅಂತೀಯಲ್ಲ, ಹಾಸನದಲ್ಲಿ ತಲೆನೋವಿನ ಡಾಕ್ಟ್ರಿದಾರಂತೆ, ಬಾ ಮಗಾ" ಅಂದಳು. ಬಸ್ಸು ಹತ್ತಿದ.

(ಇಲ್ಲಿ ಚನ್ನರಾಯಪಟ್ಟಣದಿಂದ ಹಾಸನದವರೆಗಿನ ಬಸ್ಸಿನ ದಾರಿ ಒಂದು ಪುಟ ಇದೆ. ಆಸ್ಪತ್ರೆಯಲ್ಲಿ ಬೋರ್ಡ್ ಓದಿ ಮಂಜು ಅವಳ ಮುಖ ನೋಡುತ್ತಾನೆ. ಅವಳು ತನ್ನ ಚಪ್ಪಲಿ ನೋಡಿಕೊಳ್ಳುತ್ತಾಳೆ.)

> ಡಾಕ್ಟರು ಕೇಳಿದ್ದಕ್ಕೆಲ್ಲ ಜಯಮ್ಮ ಉತ್ತರ ಕೊಟ್ಟಳು. ಮಂಜು ಗೋಡೆ ನೋಡುತ್ತಾ ಕೂತಿದ್ದ. ಎಲ್ಲಾ ಕೇಳಿ ಡಾಕ್ಟರು "ಇದಕ್ಕೆ ಸ್ಕಿಜೋಫ್ರೇನಿಯಾ ಅಂತಾರಮ್ಮ. ಹೆದರಬೇಡಿ, ಮಾತ್ರೆ ಇದೆ" ಅಂದರು.
>
> ಮೂರನೇ ದಿನ ಬೆಳಗ್ಗೆ ಮಂಜು ಅಡುಗೆಮನೆಗೆ ಬಂದ. ಡಬ್ಬದಿಂದ ಮೊಬೈಲು ತೆಗೆದು ಒರೆಸಿ, ಗೆಳೆಯನಿಗೆ ಫೋನ್ ಮಾಡಿದ. "ಅಮ್ಮ, ಮುದ್ದೆ ಹಾಕು" ಅಂದ.

---

ಪದ್ಮಾ_ತಿಪಟೂರು:
ಅಕ್ಕಾ, ಓದಿ ಕಣ್ಣಲ್ಲಿ ನೀರು ಬಂತು. ನಿಮ್ಮ ಮಗ ಈಗ ಹೇಗಿದ್ದಾನೆ? ಮೂರೇ ದಿನಕ್ಕೆ ಊಟ ಮಾಡಿದ ಅಂದರೆ ಯಾವ ಮಾತ್ರೆ ಅದು, ಹೆಸರು ಹೇಳ್ತೀರಾ? ನನ್ನ ಮಗನಿಗೆ 24. ಅವನೂ ಹೀಗೇ ರೂಮಿನಿಂದ ಹೊರಗೆ ಬರಲ್ಲ, ಒಬ್ಬನೇ ಮಾತಾಡ್ತಾನೆ.

ಮಲ್ಲಿಗೆಹಂಬು:
ಪದ್ಮಾ ಅವರೇ, ಇದು ಕಥೆ, ನನ್ನ ಮಗನದಲ್ಲ. ಮಾತ್ರೆ ಹೆಸರು ನನಗೂ ಗೊತ್ತಿಲ್ಲ. ನಿಮಗೆ ಹಾಗೆ ಅನ್ನಿಸಿದ್ದು ನೋಡಿ ನನಗೇ ಭಯ ಆಯಿತು. ಆಸ್ಪತ್ರೆ ಬೆಂಚಿನ ಮೇಲೆ ಓದುವವರಿಗೂ ಹೀಗೇ ಅನ್ನಿಸಬಹುದಲ್ವಾ.

ಕರಡು_ತಿದ್ದೋನು:
ಹಿಟ್ಟಿನ ಡಬ್ಬ ಚೆನ್ನಾಗಿದೆ. ಅವಳು ಮೊಬೈಲನ್ನು ಮತ್ತೆ ಅಲ್ಲೇ ಇಟ್ಟು ಪಕ್ಕದಿಂದ ಹಿಟ್ಟು ತಗೊಳ್ಳೋದು ಇನ್ನೂ ಚೆನ್ನಾಗಿದೆ. ಬಸ್ಸಿನ ಪುಟ ಬೇಡ. ಕಿಟಕಿ, ತೆಂಗಿನ ತೋಟ, ಕಂಡಕ್ಟರ್ ಇದ್ದೇ ಇರುತ್ತವೆ ಅಂತ ಓದದೇ ಹೇಳಬಲ್ಲೆ. ಡಾಕ್ಟರ ರೂಮಿಗೆ ಮಾತ್ರ ಮೂರೇ ಸಾಲು. ಜನ ಓದುವುದೇ ಆ ರೂಮಿನೊಳಗೆ ಏನಾಗುತ್ತೆ ಅಂತ ತಿಳಿಯೋಕೆ.

ಓಪಿಡಿ_ಅಕ್ಕ:
ನಾನು 14 ವರ್ಷ ಮನೋವೈದ್ಯಕೀಯ ಓಪಿಡಿಯಲ್ಲಿ ಸಮಾಜ ಕಾರ್ಯಕರ್ತೆಯಾಗಿ ಕೂತವಳು. ಡಾಕ್ಟರಲ್ಲ. ಮನೆಯವರ ಜೊತೆ ಜಾಸ್ತಿ ಮಾತಾಡೋದು ನಾವೇ ಆದ್ದರಿಂದ ಹೇಳುತ್ತೇನೆ. ಕಥೆಯ ಶುರು ನಿಜ ಇದ್ದ ಹಾಗಿದೆ. ಕೊನೆಯದು ನಡೆಯಲ್ಲ.

ನಿಮ್ಮ ಕಥೆಯಲ್ಲಿ ಅಮ್ಮ ಪೂರ್ತಿ ಹೊತ್ತು ಒಳಗಿದ್ದಾಳೆ, ಮಗ ಒಂದು ಮಾತೂ ಆಡಿಲ್ಲ. ಒಳ್ಳೆಯ ಡಾಕ್ಟರು ಸ್ವಲ್ಪ ಹೊತ್ತಾದ ಮೇಲೆ "ಅಮ್ಮಾ, ಒಂದಷ್ಟು ಹೊತ್ತು ಹೊರಗೆ ಕೂತಿರಿ" ಅನ್ನುತ್ತಾರೆ. ಆ ಹೊತ್ತಿನಲ್ಲಿ ಕೇಳುವ ಪ್ರಶ್ನೆಗಳೇ ಬೇರೆ. ಯಾರೂ ಇಲ್ಲದಾಗ ಮಾತು ಕೇಳಿಸುತ್ತಾ? ಒಬ್ಬರದಾ, ಇಬ್ಬರದಾ? ಅವರು ನಿನ್ನ ಬಗ್ಗೆ ಅವರವರೇ ಮಾತಾಡಿಕೊಳ್ತಾರಾ, ಅಥವಾ ಹೀಗೆ ಮಾಡು ಅಂತ ನಿನಗೆ ಹೇಳ್ತಾರಾ? ಗಾಂಜಾ ಸೇದಿದ್ದೀಯಾ, ಕೊನೆಗೆ ಯಾವಾಗ? ಸತ್ತು ಹೋಗಬೇಕು ಅನ್ನಿಸಿದೆಯಾ? ಅಮ್ಮನ ಎದುರಿಗೆ ಇವಕ್ಕೆ ಉತ್ತರ ಬರಲ್ಲ. ಸಾವಿನ ಪ್ರಶ್ನೆ ಕೇಳಿದರೆ ಇಲ್ಲದ ಯೋಚನೆ ಹುಟ್ಟಿಸಿದ ಹಾಗೆ ಅಂತ ಮನೆಯವರು ಹೆದರುತ್ತಾರೆ. ಹಾಗಾಗಲ್ಲ. ಎಷ್ಟೋ ಜನ ಯಾರಾದರೂ ಕೇಳಲಿ ಅಂತಲೇ ಕಾದಿರುತ್ತಾರೆ.

ಅಮ್ಮನಿಗೂ ಬೇರೆಯಾಗಿ ಒಂದಷ್ಟು ಹೊತ್ತು ಬೇಕು. ನಿಮ್ಮ ಕಡೆ ಯಾರಿಗಾದರೂ ಹೀಗಾಗಿತ್ತಾ ಅಂದರೆ ಮಗನ ಎದುರಿಗೆ, ಗಂಡನ ಎದುರಿಗೆ "ಇಲ್ಲ ಸಾರ್" ಅನ್ನುತ್ತಾರೆ. ಅವರೊಬ್ಬರೇ ಇದ್ದಾಗ "ನಮ್ಮ ಚಿಕ್ಕಮಾವ ಒಬ್ಬರು ಮನೆ ಬಿಟ್ಟು ಹೋದವರು ಬರಲೇ ಇಲ್ಲ" ಅಂತ ಹೊರಗೆ ಬರುತ್ತೆ.

ಕಾಯಿಲೆಯ ಹೆಸರಿನ ಬಗ್ಗೆ. ನಾಲ್ಕು ತಿಂಗಳ ಲಕ್ಷಣ ನೋಡಿ ಡಾಕ್ಟರ ಮನಸ್ಸಿಗೆ ಸ್ಕಿಜೋಫ್ರೇನಿಯಾ ಅಂತ ಬಂದಿರಬಹುದು. ಆದರೆ ಮೊದಲ ದಿನ ಚೀಟಿಯಲ್ಲಿ ಸಾಮಾನ್ಯವಾಗಿ ಬರೆಯೋದು "ಸೈಕೋಸಿಸ್", ಅಂದರೆ ಇಲ್ಲದ ದನಿ ಕೇಳೋದು, ಇಲ್ಲದ್ದನ್ನು ಗಟ್ಟಿಯಾಗಿ ನಂಬೋದು ಇಂಥವಕ್ಕೆಲ್ಲ ಒಟ್ಟು ಹೆಸರು, ಅದರ ಮುಂದೆ ಒಂದು ಪ್ರಶ್ನೆ ಗುರುತು. ಗಾಂಜಾ ಇದ್ದರೆ ಅದನ್ನು ಬಿಟ್ಟ ಮೇಲೂ ಇದು ಉಳಿಯುತ್ತಾ ನೋಡಬೇಕು. ಮೂರ್ಛೆ, ತಲೆಗೆ ಪೆಟ್ಟು, ಥೈರಾಯ್ಡ್ ಇದೆಯಾ ಕೇಳಬೇಕು. ಸಿಕ್ಕಾಪಟ್ಟೆ ಉತ್ಸಾಹದ ದಿನಗಳು ಇದ್ದವಾ ಅಂತ ಕೇಳಬೇಕು, ಇದ್ದರೆ ಅದು ಬೈಪೋಲಾರ್ ಅನ್ನೋ ಬೇರೆ ಕಾಯಿಲೆ ಕಡೆಗೆ ತಿರುಗಬಹುದು. ಆ ಪ್ರಶ್ನೆ ಗುರುತನ್ನೇ ಕಥೆಯೊಳಗೆ ತನ್ನಿ.

ಇನ್ನು ಮೂರನೇ ದಿನದ ಮುದ್ದೆ. ಆ ಸಾಲನ್ನು ದಯವಿಟ್ಟು ತೆಗೆಯಿರಿ. ಮಾತ್ರೆ ಶುರುವಾದ ಮೊದಲ ವಾರ ನಿದ್ದೆ ಸುಧಾರಿಸಬಹುದು, ಗಾಬರಿ ಸ್ವಲ್ಪ ಇಳಿಯಬಹುದು. ಅನುಮಾನ, ದನಿಗಳು ಕಡಿಮೆಯಾಗೋಕೆ ವಾರಗಳೇ ಬೇಕು. ಡಾಕ್ಟರು ಡೋಸ್ ಏರಿಸುತ್ತಾ ನಾಲ್ಕರಿಂದ ಆರು ವಾರ ನೋಡಿಯೇ ಈ ಮಾತ್ರೆ ಕೆಲಸ ಮಾಡ್ತಾ ಇಲ್ವಾ ಅಂತ ಹೇಳೋದು. ನಿಮ್ಮ ಕಥೆ ಓದಿದ ತಾಯಿ ನಾಲ್ಕನೇ ದಿನ ಕಾದು, ಐದನೇ ದಿನ ಮಾತ್ರೆ ನಿಲ್ಲಿಸಿಬಿಡುತ್ತಾಳೆ.

ನಿವೃತ್ತ_ಮೇಷ್ಟ್ರು:
ಎಲ್ಲ ಸರಿ. ಆದರೆ ಈ ಮಾತ್ರೆಗಳು ಅಭ್ಯಾಸವಾಗುತ್ತವೆ, ಒಮ್ಮೆ ಹಿಡಿದರೆ ಬಿಡುವ ಹಾಗಿಲ್ಲ. ಇದನ್ನೂ ಕಥೆಯಲ್ಲಿ ಹೇಳಬೇಕು. ನನ್ನ ಭಾವಮೈದುನ ನಿದ್ದೆಗೆ ಅಂತ ಶುರು ಮಾಡಿದ, ಹನ್ನೆರಡು ವರ್ಷ ಆಯಿತು, ಒಂದು ರಾತ್ರಿ ತಪ್ಪಿದರೆ ಕೈ ನಡುಗುತ್ತದೆ. ಕಣ್ಣಾರೆ ಕಂಡದ್ದು ಹೇಳುತ್ತಿದ್ದೇನೆ.

ಓಪಿಡಿ_ಅಕ್ಕ:
ಮೇಷ್ಟ್ರೇ, ನೀವು ಕಂಡದ್ದು ನಿಜ. ಆದರೆ ಅದು ಬಹುಶಃ ಬೇರೆ ಗುಂಪಿನ ಮಾತ್ರೆ. ಮಂಜುವಿನಂಥ ಹುಡುಗನಿಗೆ ಎರಡು ಮಾತ್ರೆ ಬರೆದರು ಅಂದುಕೊಳ್ಳಿ. ದನಿ, ಅನುಮಾನ ಇಳಿಯಲಿ ಅಂತ ರಾತ್ರಿಗೆ ರಿಸ್ಪೆರಿಡೋನ್ 1 ಮಿಲಿಗ್ರಾಂ, ಕೆಲವು ದಿನ ಬಿಟ್ಟು 2 ಮಿಲಿಗ್ರಾಂ. ಜೊತೆಗೆ ನಿದ್ದೆ ಬರಲಿ ಅಂತ ಕ್ಲೋನಾಜೆಪಾಮ್, ಅದು ಸ್ವಲ್ಪ ದಿನಕ್ಕೆ ಮಾತ್ರ. ಅಭ್ಯಾಸವಾಗೋದು ಈ ಎರಡನೆಯದು. ಡಾಕ್ಟರು ಸಾಮಾನ್ಯವಾಗಿ ಎರಡು, ನಾಲ್ಕು ವಾರದೊಳಗೆ ಅದನ್ನು ಇಳಿಸುತ್ತಾ ನಿಲ್ಲಿಸುತ್ತಾರೆ. ತೊಂದರೆ ಎಲ್ಲಿ ಅಂದರೆ, ಹಳೇ ಚೀಟಿ ತೋರಿಸಿ ಅಂಗಡಿಯಲ್ಲಿ ಅದನ್ನೇ ತಗೊಳ್ತಾ ಹೋಗ್ತಾರೆ. ನಿದ್ದೆ ಬರುತ್ತಲ್ಲ, ಅದೇ ಒಳ್ಳೇ ಮಾತ್ರೆ ಅನ್ನಿಸುತ್ತೆ. ರಿಸ್ಪೆರಿಡೋನ್ ತಗೊಂಡ ಕೂಡಲೇ ಏನೂ ಹಿತ ಅನ್ನಿಸಲ್ಲ, ಅದನ್ನು ಬಿಡ್ತಾರೆ. ಉಳಿಸಬೇಕಾದದ್ದನ್ನು ಬಿಟ್ಟು, ಬಿಡಬೇಕಾದದ್ದನ್ನು ಉಳಿಸಿಕೊಳ್ತಾರೆ.

ನಿಮ್ಮ ಭಾವಮೈದುನ ಒಮ್ಮೆಗೇ ನಿಲ್ಲಿಸೋದು ಬೇಡ. ಫಿಟ್ಸ್ ಬರಬಹುದು. ಡಾಕ್ಟರ ಹತ್ತಿರ ಹೋಗಿ ಸ್ವಲ್ಪಸ್ವಲ್ಪವೇ ಇಳಿಸಬೇಕು.

ರಿಸ್ಪೆರಿಡೋನ್ ಬಹಳ ಕಾಲ ತಗೋಬೇಕಾಗುತ್ತೆ ಅನ್ನೋದು ಹೌದು. ಹುಷಾರಾದ ಮೇಲೂ ಒಂದು ವರ್ಷವಾದರೂ ಮುಂದುವರಿಸಿ ಅಂತಾರೆ, ಎಷ್ಟೋ ಜನಕ್ಕೆ ಅದಕ್ಕಿಂತ ಹೆಚ್ಚು. ಅದು ಚಟ ಅಲ್ಲ. ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಸಾಧ್ಯತೆ ಜಾಸ್ತಿ, ಅಷ್ಟೇ.

ನಿವೃತ್ತ_ಮೇಷ್ಟ್ರು:
ಹೆಸರು ನೋಡಿದೆ. ಕ್ಲೋನಾಜೆಪಾಮೇ. ಆದರೂ ಎಲ್ಲ ಮಾತ್ರೆಗೂ ಸ್ವಲ್ಪ ಅನುಮಾನ ಇಟ್ಟುಕೊಳ್ಳುವುದು ಒಳ್ಳೆಯದೇ.

ತುಂಗೆ_ದಡದವನು:
ನಾನು ಈ ಕಥೆಯ ಮಂಜು. ಅಂದರೆ ನಿಜವಾದ ಒಬ್ಬ ಮಂಜು. 21ನೇ ವಯಸ್ಸಿನಲ್ಲಿ ನನ್ನನ್ನು ಕರೆದುಕೊಂಡು ಹೋಗಿದ್ದರು. ಈಗ 29, ಕೆಲಸದಲ್ಲಿದ್ದೇನೆ.

ನಮ್ಮಮ್ಮನೂ ಸುಳ್ಳು ಹೇಳಿಯೇ ಕರೆದುಕೊಂಡು ಹೋಗಿದ್ದು. "ಕಣ್ಣು ತೋರಿಸ್ಕೊಂಡು ಬರೋಣ" ಅಂದಿದ್ದರು. ನನಗೆ ಆಗ ಎಲ್ಲರೂ ಸೇರಿ ಏನೋ ಸಂಚು ಮಾಡ್ತಿದ್ದಾರೆ ಅನ್ನೋದು ಗಟ್ಟಿಯಾಗಿತ್ತು. ಅಮ್ಮ ಒಬ್ಬರು ಮಾತ್ರ ಆ ಪಟ್ಟಿಯಲ್ಲಿ ಇರಲಿಲ್ಲ. ಬೋರ್ಡ್ ಓದಿದ ಆ ಕ್ಷಣ ಅಮ್ಮನೂ ಪಟ್ಟಿಗೆ ಸೇರಿದರು. ಹುಷಾರಾದ ಮೇಲೂ ಒಂದು ವರ್ಷ, ಬಸ್ಸು ಹತ್ತಿದರೆ ಟಿಕೆಟ್ಟಿನ ಮೇಲೆ ಊರಿನ ಹೆಸರು ಓದುತ್ತಿದ್ದೆ. ಕಥೆಯಲ್ಲಿ ಆ ಸುಳ್ಳು ಸುಮ್ನೆ ಹಾಗೇ ದಾಟಿ ಹೋಗಿದೆ. ನಿಮ್ಮ ಜಯಮ್ಮ ಚಪ್ಪಲಿ ನೋಡಿಕೊಂಡರೆ ಸಾಲದು.

ಇನ್ನೊಂದು. ಮಾತ್ರೆ ಶುರುವಾದ ಮೂರನೇ ದಿನವೇ ನನಗೂ ಒಂದು ಘಟನೆ ಆಯಿತು, ಮುದ್ದೆ ಅಲ್ಲ. ಸಂಜೆ ಕತ್ತು ಒಂದು ಕಡೆಗೆ ತಿರುಚಿಕೊಂಡಿತು. ದವಡೆ ಬಿಗಿಯಿತು, ನಾಲಿಗೆ ದಪ್ಪ ಆದ ಹಾಗೆ, ಮಾತು ತೊದಲು. ಮನೆಯಲ್ಲಿ ಮೈಮೇಲೆ ಬಂತು ಅಂದುಕೊಂಡು ಅಜ್ಜಿ ಕುಂಕುಮ ತಂದರು. ಚಿಕ್ಕಪ್ಪ ಬೈಕಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದರು. ಒಂದು ಇಂಜೆಕ್ಷನ್ ಕೊಟ್ಟರು, ಅರ್ಧ ಗಂಟೆಯೊಳಗೆ ಕತ್ತು ನೆಟ್ಟಗಾಯಿತು. ಹೀಗಾಗಬಹುದು ಅಂತ ಮೊದಲೇ ಯಾರಾದರೂ ಒಂದು ಮಾತು ಹೇಳಿದ್ದರೆ ಅಮ್ಮ ಮಾತ್ರೆಯನ್ನೆಲ್ಲ ಬಚ್ಚಲಿಗೆ ಸುರಿಯುತ್ತಿರಲಿಲ್ಲ. ಮತ್ತೆ ಶುರು ಮಾಡೋಕೆ ಎರಡು ತಿಂಗಳು ಹೋಯಿತು.

ಓಪಿಡಿ_ಅಕ್ಕ:
ಇದನ್ನು ಕಥೆಗೆ ಹಾಕಿಕೊಳ್ಳಿ ಮಲ್ಲಿಗೆಹಂಬು. ಹರೆಯದ ಹುಡುಗರಲ್ಲಿ ಇದು ಹೆಚ್ಚು, ಮೊದಲ ಕೆಲವು ದಿನಗಳಲ್ಲೇ ಆಗೋದು. ನೋಡೋಕೆ ಭಯಂಕರ. ಕೂಡಲೇ ಆಸ್ಪತ್ರೆಗೆ ಹೋದರೆ ಪ್ರೊಮೆಥಜೀನ್ ಥರದ ಇಂಜೆಕ್ಷನ್ನಿಗೆ ಬೇಗ ಇಳಿಯುತ್ತೆ. ಉಸಿರಿಗೆ, ನುಂಗೋಕೆ ತೊಂದರೆ ಇದ್ದರಂತೂ ಒಂದು ನಿಮಿಷವೂ ಕಾಯಬಾರದು.

ಇನ್ನೊಂದು ಇದಕ್ಕಿಂತ ಮೋಸದ್ದು. ಹುಡುಗ ಒಂದು ಕಡೆ ಕೂರಲ್ಲ, ನಿಂತಲ್ಲಿ ಕಾಲು ಬದಲಾಯಿಸ್ತಾನೆ, ಮನೆಯೊಳಗೆ ಅತ್ತಿಂದಿತ್ತ ಓಡಾಡ್ತಾನೆ, "ಒಳಗೆ ಏನೋ ಕಿತ್ತುಕೊಂಡು ಬರ್ತಿದೆ" ಅಂತಾನೆ. ಮನೆಯವರು ಕಾಯಿಲೆ ಜಾಸ್ತಿ ಆಯಿತು ಅಂದುಕೊಳ್ತಾರೆ. ಎಷ್ಟೋ ಸಲ ಅದು ಮಾತ್ರೆಯ ಪರಿಣಾಮ. ಗೊತ್ತುಮಾಡಿಕೊಳ್ಳೋಕೆ ಒಂದು ದಾರಿ ಇದೆ. ಈ ಓಡಾಟ ಯಾವತ್ತು ಶುರುವಾಯಿತು, ಡೋಸ್ ಯಾವತ್ತು ಏರಿತು, ಎರಡೂ ತಾರೀಖು ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಂಡು ಡಾಕ್ಟರಿಗೆ ತೋರಿಸಬೇಕು. ಡೋಸ್ ಏರಿದ ಬೆನ್ನಿಗೇ ಬಂದಿದ್ದರೆ ಅವರು ಡೋಸ್ ಇಳಿಸಬಹುದು, ಮಾತ್ರೆ ಬದಲಿಸಬಹುದು.

ತೂಕವೂ ಏರುತ್ತೆ. ಅದಕ್ಕೇ ಮೊದಲ ದಿನವೇ ತೂಕ, ಸೊಂಟದ ಸುತ್ತಳತೆ, ಸಕ್ಕರೆ, ಕೊಲೆಸ್ಟ್ರಾಲ್ ನೋಡಿಕೊಳ್ಳೋದು. ಇದಕ್ಕೆ ಕಥೆಯಲ್ಲಿ ಒಂದು ಸಾಲು ಸಾಕು.

ಪದ್ಮಾ_ತಿಪಟೂರು:
ಸುಳ್ಳು ಹೇಳಬಾರದು ಅಂತೀರಲ್ಲ, ಹೇಳದೇ ಇದ್ದರೆ ಅವನು ಬರೋದಾದರೂ ಹೇಗೆ? ತುಂಗೆ ದಡದವರೇ, ನಿಮ್ಮ ಅಮ್ಮ ಸುಳ್ಳು ಹೇಳಿದ್ದಕ್ಕೇ ನೀವು ಇವತ್ತು ಕೆಲಸದಲ್ಲಿರೋದು. ನಾನು ಎರಡು ವರ್ಷದಿಂದ ನಿಜ ಹೇಳ್ತಾ ಇದೀನಿ. ಒಂದು ಹೆಜ್ಜೆ ಹೊರಗಿಟ್ಟಿಲ್ಲ ಅವನು.

ತುಂಗೆ_ದಡದವನು:
ಅದೂ ನಿಜವೇ ಅಮ್ಮಾ. ನನ್ನ ಹತ್ತಿರ ಉತ್ತರ ಇಲ್ಲ.

ಓಪಿಡಿ_ಅಕ್ಕ:
ನಾವು ಮನೆಯವರಿಗೆ ಹೇಳುತ್ತಿದ್ದದ್ದು ಇದು. ಅವನೇ ಒಪ್ಪಿಕೊಳ್ಳುವ ಒಂದು ತೊಂದರೆ ಹುಡುಕಿ. ದನಿ ಕೇಳಿಸುತ್ತೆ ಅನ್ನೋದನ್ನು ಕಾಯಿಲೆ ಅಂತ ಅವನು ಒಪ್ಪಲ್ಲ. ರಾತ್ರಿ ನಿದ್ದೆ ಇಲ್ಲ ಅನ್ನೋದನ್ನು ಒಪ್ಪುತ್ತಾನೆ. "ನಿದ್ದೆ ಇಲ್ಲದೆ ಒದ್ದಾಡ್ತಿದೀಯ, ಅದನ್ನ ನೋಡೋ ಡಾಕ್ಟ್ರು, ಮನಸ್ಸಿನ ಡಾಕ್ಟ್ರು" ಅಂದರೆ ಸುಳ್ಳಲ್ಲ. ಬೋರ್ಡ್ ಓದಿದಾಗ ಅವನಿಗೆ ಮೋಸ ಅನ್ನಿಸಲ್ಲ.

ತುಂಗೆ_ದಡದವನು:
ಅರ್ಧ ನಿಜ ಅಷ್ಟೇ ಅದು. ಆದರೆ ಕಣ್ಣಿನ ಡಾಕ್ಟರಿಗಿಂತ ವಾಸಿ.

ಕರಡು_ತಿದ್ದೋನು:
ಕಥೆಗಾರ್ತಿಗೆ ಹೇಳ್ತೀನಿ, ಸುಳ್ಳನ್ನು ತೆಗೆಯಬೇಡಿ. ತೆಗೆದರೆ ಜಯಮ್ಮ ಕೈಪಿಡಿಯೊಳಗಿನ ತಾಯಿ ಆಗಿಬಿಡ್ತಾಳೆ. ಸುಳ್ಳು ಹೇಳಲಿ, ಅದರ ಬೆಲೆಯನ್ನೂ ಕೊಡಲಿ. ಅವಳನ್ನು ಹೊರಗೆ ಕೂರಿಸಿದಾಗ ಒಳಗೆ ಮಗ ಆ ಸುಳ್ಳಿನ ಬಗ್ಗೆಯೇ ಹೇಳ್ತಿರಬಹುದು. ಅವಳಿಗೆ ಬಾಗಿಲು ಮಾತ್ರ ಕಾಣುತ್ತೆ. ಕಥೆ ಇರೋದು ಆ ಬೆಂಚಿನ ಮೇಲೆ.

ನಿವೃತ್ತ_ಮೇಷ್ಟ್ರು:
ಒಂದು ಕಾನೂನಿನ ಮಾತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ ಹುಡುಗನಿಗೆ 18 ದಾಟಿದ್ದರೆ ಡಾಕ್ಟರು ತಾಯಿಗೆ ಏನನ್ನೂ ಹೇಳುವಂತಿಲ್ಲ. ಹಾಗಾಗಿ ಕೊನೆಯಲ್ಲಿ ಡಾಕ್ಟರು ಜಯಮ್ಮನಿಗೆ ವಿವರಿಸುವ ಭಾಗವೇ ಕಾನೂನಿಗೆ ವಿರುದ್ಧ.

ಓಪಿಡಿ_ಅಕ್ಕ:
ಮೇಷ್ಟ್ರು ಇವತ್ತೂ ಅರ್ಧ ದಾರಿಯವರೆಗೆ ಸರಿಯಾಗಿಯೇ ಬಂದಿದ್ದಾರೆ. ಗುಟ್ಟು ಕಾಯುವ ಹಕ್ಕು ರೋಗಿಯದು, ಹೌದು. ಆದರೆ ಅವನು ಒಪ್ಪಿದ್ದನ್ನು ಹೇಳಬಹುದಲ್ಲ. ಒಳ್ಳೆಯ ಡಾಕ್ಟರು ಅವನೊಬ್ಬನೇ ಇದ್ದಾಗಲೇ ಕೇಳುತ್ತಾರೆ, "ಅಮ್ಮನಿಗೆ ಯಾವುದು ಹೇಳಲಿ, ಯಾವುದು ಬೇಡ?" ಅಂತ. ಗಾಂಜಾ ವಿಷಯ ಬೇಡ ಅಂತಾನೆ, ಮಾತ್ರೆ ವಿಷಯ ಹೇಳಿ ಅಂತಾನೆ. ಅವನ ಜೀವಕ್ಕೋ ಬೇರೆಯವರಿಗೋ ಅಪಾಯ ಇದ್ದರೆ ಅಷ್ಟನ್ನು ಹೇಳೋಕೆ ಕಾಯ್ದೆಯಲ್ಲೇ ಜಾಗ ಇದೆ. ಇನ್ನು, ತಾಯಿ ಹೇಳೋದನ್ನು ಡಾಕ್ಟರು ಕೇಳಿಸಿಕೊಳ್ಳಬಾರದು ಅಂತ ಎಲ್ಲೂ ಇಲ್ಲ.

ಅದೇ ಕಾಯ್ದೆಯಲ್ಲಿ ನಾಮನಿರ್ದೇಶಿತ ಪ್ರತಿನಿಧಿ ಅಂತ ಇದೆ. ಹುಡುಗ ಒಂದು ಬಿಳಿ ಹಾಳೆಯಲ್ಲಿ ತನ್ನ ಪರವಾಗಿ ಯಾರು ಅಂತ ಬರೆದು ಸಹಿ ಮಾಡಿದರೆ ಸಾಕು, ಹೆಬ್ಬೆಟ್ಟೂ ನಡೆಯುತ್ತೆ. ಅಮ್ಮನೇ ಆಗಬೇಕಿಲ್ಲ. ನಾನು ಕಂಡ ಒಬ್ಬ ಹುಡುಗ ಸೋದರತ್ತೆಯ ಹೆಸರು ಬರೆದಿದ್ದ. ಅವನ ಅಮ್ಮ ಅವತ್ತು ಬಿಕ್ಕಿಬಿಕ್ಕಿ ಅತ್ತರು.

ಪದ್ಮಾ_ತಿಪಟೂರು:
ನಮ್ಮ ಪಕ್ಕದ ಬೀದಿಯವರು ಮಗಳಿಗೆ ಕಾಫಿಯಲ್ಲಿ ಮಾತ್ರೆ ಪುಡಿ ಮಾಡಿ ಹಾಕ್ತಾರಂತೆ. ಚೆನ್ನಾಗಾಗಿದಾಳೆ. ಹಾಗೆ ಮಾಡಬಹುದಾ?

ತುಂಗೆ_ದಡದವನು:
ಬೇಡಮ್ಮ. ಈ ಕಥೆಯ ಮಂಜು ಯಾಕೆ ಬಿಸ್ಕತ್ ಪೊಟ್ಟಣ ಒಡೆದು ತಿಂತಾನೆ ಹೇಳಿ? ಅಡುಗೆಯಲ್ಲಿ ಏನೋ ಬೆರೆಸಿದ್ದಾರೆ ಅಂತ. ನನಗೂ ಹಾಗೇ ಇತ್ತು. ಆ ಹೊತ್ತಿನಲ್ಲಿ ಲೋಟದ ತಳದಲ್ಲಿ ಒಂದು ಬಿಳಿ ಚೂರು ಕಂಡಿದ್ದರೆ? ನನ್ನ ಅನುಮಾನ ಸುಳ್ಳು ಅಂತ ಯಾವ ಡಾಕ್ಟರೂ ಆಮೇಲೆ ನನಗೆ ಹೇಳೋಕೆ ಆಗುತ್ತಿರಲಿಲ್ಲ. ಯಾಕಂದ್ರೆ ನಿಜವಾಗಿಯೂ ಬೆರೆಸಿದ್ದರಲ್ಲ.

ಓಪಿಡಿ_ಅಕ್ಕ:
ಇದಕ್ಕೆ ನಾನು ಸೇರಿಸೋದು ಕಡಿಮೆ. ಗುಟ್ಟಾಗಿ ಕೊಟ್ಟರೆ ಕತ್ತು ತಿರುಚಿದಾಗ ಏನಾಯಿತು ಅಂತ ಅವನಿಗೂ ಗೊತ್ತಿರಲ್ಲ, ತುರ್ತು ವಿಭಾಗದ ಡಾಕ್ಟರಿಗೂ ಗೊತ್ತಾಗಲ್ಲ. ಬೇರೆ ದಾರಿಯೇ ಇಲ್ಲದೆ ಹಾಗೆ ಮಾಡಿದ ಮನೆಯವರನ್ನೂ ಕಂಡಿದ್ದೇನೆ. ಅವರನ್ನು ಬೈಯೋಕೆ ನನಗೆ ಬಾಯಿ ಬರಲ್ಲ.

ಮಲ್ಲಿಗೆಹಂಬು:
ಎರಡು ರಾತ್ರಿ ಕೂತು ತಿದ್ದಿದೆ. ಬಸ್ಸು ಹೋಯಿತು, ಮೂರನೇ ದಿನದ ಮುದ್ದೆಯೂ ಹೋಯಿತು. ಈಗ ಆಸ್ಪತ್ರೆ ಭಾಗ ಹೀಗಿದೆ:

> "ಅಮ್ಮಾ, ಸ್ವಲ್ಪ ಹೊತ್ತು ಹೊರಗಿರಿ. ಆಮೇಲೆ ನಿಮ್ಮ ಹತ್ತಿರಾನೂ ಮಾತಾಡ್ತೀನಿ" ಅಂದರು ಡಾಕ್ಟರು.
>
> "ನಾನು ಅವನ ತಾಯಿ ಸಾರ್. ಅವನಿಗೆ ಹೇಳಕ್ಕೆ ಬರಲ್ಲ."
>
> "ಬರುತ್ತೆ. ನೋಡೋಣ."
>
> ಬೆಂಚಿನ ಮೇಲೆ ಕೂತಳು. ಚೀಲದಲ್ಲಿ ಬಿಸ್ಕತ್ ಪೊಟ್ಟಣ ಇತ್ತು, ಒಡೆಯದ್ದು. ಅದನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಒಳಗಿನ ಮಾತು ಕೇಳಿಸುತ್ತಿರಲಿಲ್ಲ. ಒಮ್ಮೆ ಮಂಜುವಿನ ದನಿ ಎದ್ದಿತು. "ತಲೆನೋವು ಅಂದ್ಲು" ಅನ್ನುವಷ್ಟು ಮಾತ್ರ ಕೇಳಿತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಇಪ್ಪತ್ತು ವರ್ಷದಲ್ಲಿ ಅವನು ಯಾರ ಹತ್ತಿರವಾದರೂ ಇಷ್ಟು ಹೊತ್ತು ಮಾತಾಡಿದ್ದು ಅವಳಿಗೆ ನೆನಪಿರಲಿಲ್ಲ.
>
> ಬಾಗಿಲು ತೆರೆಯಿತು. ಮಂಜು ಹೊರಗೆ ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ. ಈಗ ಅವಳ ಸರದಿ.
>
> "ನಿಮ್ಮ ಕಡೆ ಯಾರಿಗಾದರೂ ಹೀಗಾಗಿತ್ತಾ?"
>
> "ಇಲ್ಲ ಸಾರ್."
>
> ಡಾಕ್ಟರು ಪೆನ್ನು ಹಿಡಿದು ಸುಮ್ಮನೆ ಕಾದರು. ಗೋಡೆಯ ಫ್ಯಾನಿನ ಸದ್ದು.
>
> "ನಮ್ಮ ಚಿಕ್ಕಮಾವ ಒಬ್ಬರಿದ್ರು ಸಾರ್" ಅಂದಳು ಜಯಮ್ಮ.
>
> ಚೀಟಿಯಲ್ಲಿ ಏನೋ ಬರೆದಿದ್ದರು. ಅದರ ಮುಂದೊಂದು ಕೊಕ್ಕೆ ಗುರುತು. "ಇದೇನು ಸಾರ್?" ಅಂದಳು. "ಪ್ರಶ್ನೆ ಗುರುತಮ್ಮ. ಇನ್ನೂ ಕೆಲವು ಸಲ ನೋಡಬೇಕು. ಕತ್ತು ತಿರುಚಿದರೆ, ದವಡೆ ಬಿಗಿದರೆ ಕೂಡಲೇ ಹತ್ತಿರದ ಆಸ್ಪತ್ರೆಗೆ ಹೋಗಿ, ಈ ಚೀಟಿ ತೋರಿಸಿ. ಎರಡು ವಾರ ಬಿಟ್ಟು ಇಬ್ಬರೂ ಬನ್ನಿ."
>
> ಹೊರಗೆ ಬಂದಳು. "ಇಲ್ಲಿಗೇ ಅಂತ ಹೇಳಿದ್ರೆ ನೀನು ಬರ್ತಿರ್ಲಿಲ್ಲ ಕಣೋ" ಅಂದಳು.
>
> "ಹೌದು, ಬರ್ತಿರ್ಲಿಲ್ಲ" ಅಂದ ಮಂಜು. ಅವಳ ಕೈಯಿಂದ ಪೊಟ್ಟಣ ತೆಗೆದುಕೊಂಡು, ತಿರುಗಿಸಿ ಅಂಟು ನೋಡಿ, ಒಡೆದ. ಒಂದು ಅವಳಿಗೆ ಕೊಟ್ಟ.

ಕರಡು_ತಿದ್ದೋನು:
ಇಲ್ಲಿಗೇ ನಿಲ್ಲಿಸಿ. ಇದರ ಮೇಲೆ ಒಂದು ಸಾಲೂ ಬೇಡ. "ಗೋಡೆಯ ಫ್ಯಾನಿನ ಸದ್ದು" ತೆಗೆಯಿರಿ, ಎಲ್ಲರ ಕಥೆಯಲ್ಲೂ ಆ ಫ್ಯಾನ್ ತಿರುಗುತ್ತೆ.

ಓಪಿಡಿ_ಅಕ್ಕ:
ಡಾಕ್ಟರು ಇಷ್ಟು ಹೊತ್ತು ಕೊಡೋದು ಎಲ್ಲ ಕಡೆ ಆಗಲ್ಲ. ದೊಡ್ಡ ಬೋಧನಾ ಆಸ್ಪತ್ರೆಗಳಲ್ಲಿ ಕಿರಿಯ ಡಾಕ್ಟರು ಒಂದು ಗಂಟೆ ಕೂತು ಬರೆದುಕೊಳ್ಳೋದುಂಟು, ಆಮೇಲೆ ಹಿರಿಯರು ನೋಡ್ತಾರೆ. ಜನ ಜಾಸ್ತಿ ಇರುವ ಓಪಿಡಿಯಲ್ಲಿ ಹತ್ತು ನಿಮಿಷ ಸಿಕ್ಕರೆ ಪುಣ್ಯ. ಅದಕ್ಕೇ ತಾಯಂದಿರು ಯಾವಾಗ ಏನು ಶುರುವಾಯಿತು ಅಂತ ಮೊದಲೇ ಒಂದು ಹಾಳೆಯಲ್ಲಿ ಬರೆದುಕೊಂಡು ಹೋದರೆ ಒಳ್ಳೆಯದು. ಜಯಮ್ಮನ ಕೈಗೂ ಒಂದು ಹಾಳೆ ಕೊಡಬಹುದಿತ್ತೇನೋ.

ಮಲ್ಲಿಗೆಹಂಬು:
ಹಾಳೆ ಕೊಟ್ಟರೆ ಬಿಸ್ಕತ್ ಪೊಟ್ಟಣ ಎಲ್ಲಿಡಲಿ? ಈಗಲೇ 1,100 ಪದ ಆಗಿದೆ.

ತುಂಗೆ_ದಡದವನು:
ಬಿಸ್ಕತ್ ಇರಲಿ. ಮೊದಲ ದಿನವೇ ನಾನಾಗಿದ್ದರೆ ಅಮ್ಮನಿಗೆ ಕೊಡ್ತಿರಲಿಲ್ಲ. ಆದರೂ ಇರಲಿ.

ಪದ್ಮಾ_ತಿಪಟೂರು:
ಓಪಿಡಿ ಅಕ್ಕಾ, ಒಂದು ಕೇಳ್ತೀನಿ. ಮಗ ಬರದೇ ಇದ್ದರೆ ನಾನೊಬ್ಬಳೇ ಹೋಗಬಹುದಾ? ಒಳಗೆ ಬಿಡ್ತಾರಾ?

ಓಪಿಡಿ_ಅಕ್ಕ:
ಹೋಗಿ ಪದ್ಮಾ. ಚೀಟಿ ನಿಮ್ಮ ಹೆಸರಲ್ಲೇ ಮಾಡಿಸಿ, ಒಳಗೆ ಹೋಗಿ ಮಗನ ವಿಷಯ ಅಂತ ಹೇಳಿ. ಅವನನ್ನು ನೋಡದೆ ಮಾತ್ರೆ ಬರೆಯೋದು ಕಷ್ಟ. ಆದರೆ ಅವನನ್ನು ಹೇಗೆ ಕರೆತರಬೇಕು, ಯಾವುದಕ್ಕೆ ಕಾಯಬಾರದು ಅಂತ ಹೇಳ್ತಾರೆ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಅನ್ನೋ ವ್ಯವಸ್ಥೆ ನಮ್ಮ ರಾಜ್ಯದಲ್ಲಿದೆ, ನಿಮ್ಮಲ್ಲಿ ಯಾವ ಮಂಗಳವಾರ ಅಂತ ವಿಚಾರಿಸಿಕೊಳ್ಳಿ. ಅದಕ್ಕೂ ಮೊದಲು ಇವತ್ತೇ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಅವನು ಸಾಯುವ ಮಾತಾಡಿದರೆ, ಊಟ ನೀರು ಪೂರ್ತಿ ಬಿಟ್ಟರೆ ಮಾತ್ರ ಮಂಗಳವಾರದವರೆಗೆ ಕಾಯಬೇಡಿ, ನೇರ ತುರ್ತು ವಿಭಾಗಕ್ಕೆ ಕರ್ಕೊಂಡು ಹೋಗಿ.

ಪದ್ಮಾ_ತಿಪಟೂರು:
ಊಟ ಮಾಡ್ತಾನೆ. ಬಾಗಿಲ ಹತ್ತಿರ ತಟ್ಟೆ ಇಟ್ಟರೆ ನಾನು ಈಚೆ ಬಂದ ಮೇಲೆ ತಗೊಳ್ತಾನೆ. ಅದನ್ನೂ ಹಾಳೆಯಲ್ಲಿ ಬರೀಬೇಕಾ?

ಓಪಿಡಿ_ಅಕ್ಕ:
ಅದನ್ನೇ ಮೊದಲು ಬರೀರಿ. ಯಾವಾಗಿಂದ ಅಂತಲೂ.